ಮೂರು ವಾಕ್ಯ, ಏಳು ಗಂಟೆಯೊಳಗೆ

ಜಿಲ್ಲಾ ವರದಿಗಾರರು ಸಂಜೆಯ ಹೊತ್ತಿಗೆ ವೈದ್ಯರಿಗೋ ಕೃಷಿ ವಿಜ್ಞಾನಿಗೋ ಕಳಿಸುವ ವಾಟ್ಸ್‌ಆ್ಯಪ್ ಸಂದೇಶ ಸಾಮಾನ್ಯವಾಗಿ ಎರಡು ಸಾಲಿನದು. ‘ಸರ್, ನಾಳೆಯ ಪುಟಕ್ಕೆ ಇಂಥ ಸುದ್ದಿ ಮಾಡ್ತಿದ್ದೇನೆ. ಏಳು ಗಂಟೆಯೊಳಗೆ ನಿಮ್ಮದೊಂದು ಪ್ರತಿಕ್ರಿಯೆ ಬೇಕಿತ್ತು.’ ಇಷ್ಟೇ. ಆ ಕಡೆ ಇರುವವರು ನಲವತ್ತು ವರ್ಷ ಆ ವಿಷಯದಲ್ಲೇ ತೇಯ್ದವರಾಗಿರಬಹುದು. ಆದರೂ ಬರುವ ಉತ್ತರಗಳಲ್ಲಿ ಹೆಚ್ಚಿನವು ಪುಟ ಸೇರುವುದಿಲ್ಲ. ಡೆಸ್ಕಿನಲ್ಲಿ ಕೂತು ಇಂಥ ಪ್ರತಿಕ್ರಿಯೆಗಳನ್ನು ವರ್ಷಗಟ್ಟಲೆ ತಿದ್ದಿದ, ಕತ್ತರಿಸಿದ, ಕೆಲವೊಮ್ಮೆ ಪೂರ್ತಿ ಕೈಬಿಟ್ಟ ಅನುಭವದಿಂದ ಹೇಳುತ್ತೇನೆ: ತಿಳಿವಳಿಕೆ ಸಾಲದೆ ಬಿದ್ದುಹೋದ ಹೇಳಿಕೆಗಳು ಕಡಿಮೆ. ಬರೆದ ರೀತಿಯಿಂದಾಗಿ ಬಿದ್ದುಹೋದವೇ ಜಾಸ್ತಿ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಮಲೆನಾಡಿನ ಒಂದು ತಾಲ್ಲೂಕು, ಜುಲೈ ತಿಂಗಳು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲ. ತೋಟದಲ್ಲಿ ಹಾವು ಕಚ್ಚಿದವರು ಒಂದೇ ವಾರದಲ್ಲಿ ನಾಲ್ಕಾರು ಮಂದಿ ಆಸ್ಪತ್ರೆ ಸೇರಿದ್ದಾರೆ. ‘ಚುಚ್ಚುಮದ್ದು ಕೊಟ್ಟರೂ ಕೆಲಸ ಮಾಡಲಿಲ್ಲ’ ಎಂಬ ಮಾತು ಊರಲ್ಲಿ ಹಬ್ಬಿದೆ. ವರದಿಗಾರ ತಾಲ್ಲೂಕಿನ ಹಿರಿಯ ಖಾಸಗಿ ವೈದ್ಯರೊಬ್ಬರನ್ನು ಕೇಳುತ್ತಾನೆ: ‘ಡಾಕ್ಟ್ರೇ, ಇದಕ್ಕೇನಂತೀರಿ?’

ವೈದ್ಯರ ಮೊದಲ ಉತ್ತರ ಹೀಗೆ ಬರುತ್ತದೆ: ‘ಹಾವು ಕಡಿತವು ಗಂಭೀರ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿದ್ದು, ಗ್ರಾಮೀಣ ಭಾಗದ ಜನರು ಈ ಬಗ್ಗೆ ಜಾಗೃತಿ ವಹಿಸಬೇಕು. ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಪ್ರಾಣಾಪಾಯದಿಂದ ಪಾರಾಗಬಹುದು.’ ಇದರಲ್ಲಿ ತಪ್ಪಿಲ್ಲ. ಆದರೆ ಇಷ್ಟನ್ನು ಹೇಳಲು ವೈದ್ಯರೇ ಬೇಕಾಗಿರಲಿಲ್ಲ, ಆರೋಗ್ಯ ಇಲಾಖೆಯ ಗೋಡೆಬರಹ ಸಾಕಿತ್ತು. ವರದಿಗಾರನಿಗೆ ಬೇಕಾದದ್ದು ತಾನೇ ಬರೆದರೆ ಓದುಗ ನಂಬದ ಮಾತು, ರೋಗಿಯನ್ನು ಕಣ್ಣಾರೆ ಕಂಡವರು ಮಾತ್ರ ಆಡಬಲ್ಲ ಮಾತು. ನಾನು ಡೆಸ್ಕಿನಲ್ಲಿ ಇಟ್ಟುಕೊಳ್ಳುತ್ತಿದ್ದ ಅಳತೆಯೂ ಇದೇ. ಈ ವಾಕ್ಯದಿಂದ ಉದ್ಧರಣ ಚಿಹ್ನೆ ಕಿತ್ತು ವರದಿಗಾರನ ಹೆಸರಿನಲ್ಲೇ ಹಾಕಿದರೆ ಏನಾದರೂ ಕಳೆದುಹೋಗುತ್ತದೆಯೇ? ಕಳೆದುಹೋಗದಿದ್ದರೆ ಹೇಳಿಕೆ ಬೇಡ.

ಇದೇ ವೈದ್ಯರು ಫೋನಿನಲ್ಲಿ ಸಹಜವಾಗಿ ಆಡುವ ಮಾತು ಬೇರೆಯೇ ಇರುತ್ತದೆ. ‘ಅಯ್ಯೋ, ಕಟ್ಟುಹಾವು ಕಚ್ಚಿದ್ದು ಗೊತ್ತೇ ಆಗಲ್ಲ ಮಾರಾಯ್ರೆ. ನೋವಿಲ್ಲ, ಊತವಿಲ್ಲ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ, ಗ್ಯಾಸ್ಟ್ರಿಕ್ ಅಂದ್ಕೊಂಡು ಮಾತ್ರೆ ನುಂಗ್ತಾರೆ. ರೆಪ್ಪೆ ಜೋತುಬಿದ್ದ ಮೇಲೆ ನಮ್ಮತ್ರ ಬರ್ತಾರೆ.’ ಇದು ಹೇಳಿಕೆ. ಬರೆಯಲು ಕೂತಾಗ ಅವರೇ ಇದನ್ನು ಅಳಿಸಿ ‘ಜಾಗೃತಿ ವಹಿಸಬೇಕು’ ಎಂದು ಬರೆಯುತ್ತಾರೆ. ಪತ್ರಿಕೆಗೆ ಹೋಗುವ ಮಾತು ಗಂಭೀರವಾಗಿರಬೇಕೆಂಬ ಸಂಕೋಚ ಅದು. ಆಡಿದ್ದನ್ನೇ ಸ್ವಲ್ಪ ಹದಗೊಳಿಸಿ ಬರೆದರೆ ಸಾಕಾಗುತ್ತದೆ: ‘ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗಾಯದ ಗುರುತೂ ಸಿಗುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಕಣ್ಣುರೆಪ್ಪೆ ಎತ್ತಲಾಗದಿದ್ದರೆ, ಹಾವು ಕಾಣಲಿಲ್ಲವೆಂದು ಕಾಯದೆ ಆಸ್ಪತ್ರೆಗೆ ಬರಬೇಕು.’ ಎರಡೇ ವಾಕ್ಯ. ಇದನ್ನು ಯಾವ ಉಪಸಂಪಾದಕನೂ ಬಿಡುವುದಿಲ್ಲ. ಬಿಟ್ಟರೆ ಮರುದಿನ ಯಾರೋ ಒಬ್ಬರಿಗೆ ತಿಳಿಯಬೇಕಾದದ್ದು ತಿಳಿಯದೇ ಹೋಗುತ್ತದೆ ಎಂಬುದು ಓದಿದೊಡನೆ ಅವನಿಗೆ ಅರ್ಥವಾಗುತ್ತದೆ.

ಇನ್ನು ಕಷ್ಟದ ಪ್ರಶ್ನೆ: ಚುಚ್ಚುಮದ್ದು ಕೆಲಸ ಮಾಡಲಿಲ್ಲವೇ? ವೈದ್ಯರಿಗೆ ಉತ್ತರ ಗೊತ್ತಿದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಎಎಸ್‌ವಿ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದು ತಯಾರಾದದ್ದು. ಪಶ್ಚಿಮಘಟ್ಟದಲ್ಲಿ ಮೂಗಿನ ತುದಿ ಮೇಲೆದ್ದ ಇನ್ನೊಂದು ಕುಳ್ಳನೆಯ ಮಂಡಲದ ಜಾತಿ ಇದೆ, ಹಂಪ್-ನೋಸ್ಡ್ ಪಿಟ್ ವೈಪರ್ ಎಂದು ಕರೆಯುವುದು ಇದನ್ನೇ. ಅದರ ವಿಷ ಈ ನಾಲ್ಕರಲ್ಲಿ ಸೇರಿಲ್ಲ. ಹೀಗಾಗಿ ಕೆಲವು ರೋಗಿಗಳಲ್ಲಿ ಚುಚ್ಚುಮದ್ದಿನಿಂದ ನಿರೀಕ್ಷಿಸಿದ ಫಲ ಸಿಗದಿರಬಹುದು. ವೈದ್ಯರು ಪ್ರಾಮಾಣಿಕವಾಗಿ ಬರೆಯುತ್ತಾರೆ: ‘ಮಲೆನಾಡಿನ ಒಂದು ಜಾತಿಯ ಹಾವಿನ ವಿಷಕ್ಕೆ ಸದ್ಯ ಚುಚ್ಚುಮದ್ದು ಇಲ್ಲ. ಆದರೆ ಕಚ್ಚಿದ್ದು ಯಾವ ಹಾವೆಂದು ಮನೆಯಲ್ಲಿ ನಿರ್ಧರಿಸಲಾಗದು. ಆದ್ದರಿಂದ ಎಲ್ಲರೂ ಆಸ್ಪತ್ರೆಗೆ ಬರಲೇಬೇಕು.’

ಮೂರೂ ವಾಕ್ಯ ನಿಜ. ಆದರೆ ಆ ದಿನ ಪುಟಕ್ಕೆ ಕೊನೆಗಳಿಗೆಯಲ್ಲಿ ಜಾಹೀರಾತು ಬಂದರೆ ಸುದ್ದಿ ಒಂದು ಕಾಲಂ ಕುಗ್ಗುತ್ತದೆ. ಉಪಸಂಪಾದಕ ಕೆಳಗಿನಿಂದ ಕತ್ತರಿಸುತ್ತಾ ಬರುತ್ತಾನೆ. ಉಳಿಯುವುದು ಮೊದಲ ವಾಕ್ಯ. ಶೀರ್ಷಿಕೆ ತಾನಾಗಿ ಹುಟ್ಟಿಕೊಳ್ಳುತ್ತದೆ: ‘ಮಲೆನಾಡಿನ ಹಾವಿಗೆ ಮದ್ದಿಲ್ಲ: ವೈದ್ಯ’. ಅದನ್ನು ಓದಿದವರು ಆಸ್ಪತ್ರೆಗೆ ಹೋಗಿ ಏನು ಫಲವೆಂದು ನಾಟಿ ಮದ್ದಿನವರ ಮನೆಗೆ ನಡೆದರೆ? ಕಚ್ಚಿದ್ದು ಕೊಳಕುಮಂಡಲವಾಗಿದ್ದರೆ? ಯಾರೂ ಸುಳ್ಳು ಬರೆಯಲಿಲ್ಲ, ಯಾರಿಗೂ ದುರುದ್ದೇಶವಿರಲಿಲ್ಲ. ಆದರೂ ಒಂದು ಜೀವ ಹೋಗಬಹುದು.

ಹೇಳಿಕೆ ಕೊಡುವವರು ಕಲಿಯಬೇಕಾದ ಬಹುಮುಖ್ಯ ಕಸುಬು ಇಲ್ಲಿದೆ. ನಿಮ್ಮ ಒಂದೊಂದು ವಾಕ್ಯವೂ ಒಂಟಿಯಾಗಿ ಅಚ್ಚಾಗಬಹುದೆಂದು ತಿಳಿದು ಬರೆಯಿರಿ. ಷರತ್ತನ್ನು ಮುಂದಿನ ವಾಕ್ಯಕ್ಕೆ ಬಿಡದೆ ಅದೇ ವಾಕ್ಯದೊಳಗೆ, ಸಾಧ್ಯವಾದರೆ ಅದರ ಮುಂಭಾಗದಲ್ಲಿ, ಹೆಣೆಯಿರಿ. ‘ಕಚ್ಚಿದ್ದು ಯಾವ ಹಾವೆಂದು ಮನೆಯಲ್ಲಿ ತಿಳಿಯುವಂತಿಲ್ಲವಾದ್ದರಿಂದ ಪ್ರತಿಯೊಬ್ಬರೂ ಆಸ್ಪತ್ರೆಗೇ ಬರಬೇಕು, ಒಂದು ಜಾತಿಯ ಮಂಡಲದ ವಿಷಕ್ಕೆ ಈಗಿನ ಚುಚ್ಚುಮದ್ದು ತಯಾರಾಗಿಲ್ಲದಿದ್ದರೂ ರೋಗಿಯ ರಕ್ತಸ್ರಾವ, ಮೂತ್ರಪಿಂಡದ ತೊಂದರೆಗಳನ್ನು ಗಮನಿಸಿ ಚಿಕಿತ್ಸೆ ನೀಡುವುದು ಅಲ್ಲಿ ಮಾತ್ರ ಸಾಧ್ಯ.’ ಇದನ್ನು ಎಲ್ಲಿ ಕತ್ತರಿಸಿದರೂ ಆಸ್ಪತ್ರೆಗೆ ಬನ್ನಿ ಎಂಬ ಮಾತು ಉಳಿಯುತ್ತದೆ. ವಾಕ್ಯ ಸ್ವಲ್ಪ ಉದ್ದವಾಯಿತು, ಪರವಾಗಿಲ್ಲ. ಕಳಿಸುವ ಮುನ್ನ ಪ್ರತಿ ವಾಕ್ಯವನ್ನೂ ಬೇರೆ ಬೇರೆಯಾಗಿ ಓದಿ, ಇದೊಂದೇ ನಾಳೆ ಬೆಳಿಗ್ಗೆ ನನ್ನ ಹೆಸರಿನ ಪಕ್ಕ ಅಚ್ಚಾದರೆ ಸರಿಯೇ ಎಂದು ಕೇಳಿಕೊಂಡರೆ ಸಾಕು. ಇದಕ್ಕೆ ಎರಡು ನಿಮಿಷವೂ ಬೇಡ.

ಜಾಗವಿದ್ದರೆ ಓದುಗ ಕಣ್ಣಿಗೆ ಕಟ್ಟಿಕೊಳ್ಳಬಹುದಾದ ಒಂದು ವಿವರ ಸೇರಿಸಬಹುದು. ಮಂಡಲದ ಕಡಿತ ಶಂಕಿಸಿದಾಗ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡುವ ಸರಳ ಪರೀಕ್ಷೆಯೊಂದಿದೆ: ಸ್ವಚ್ಛ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದು ಲೆಕ್ಕ. ವೈದ್ಯರಿಗೆ ಇದು ದಿನನಿತ್ಯದ ಸಂಗತಿ, ಹೇಳಬೇಕೆಂದೇ ತೋಚುವುದಿಲ್ಲ. ಓದುಗನಿಗಾದರೋ ತಡಮಾಡಬಾರದು ಏಕೆಂಬುದು ಈ ನಳಿಕೆಯಿಂದ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿಯದು. ಅಂಕಿ-ಅಂಶವೂ ಒಂದಿದ್ದರೆ ಒಳ್ಳೆಯದು, ಒಂದೇ ಇರಲಿ, ಮೂಲ ಗೊತ್ತಿರಲಿ. ಕೈಯಲ್ಲಿಲ್ಲದಿದ್ದರೆ ಅದು ಎಲ್ಲಿ ಸಿಗುತ್ತದೆಂದಾದರೂ ಹೇಳಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಎಂದರೆ ಖಾಸಗಿ ಆಸ್ಪತ್ರೆಗಳೂ ಪ್ರತಿ ಪ್ರಕರಣವನ್ನು ಸರ್ಕಾರಕ್ಕೆ ವರದಿ ಮಾಡಬೇಕು. ಇದನ್ನು ವೈದ್ಯರು ನೆನಪಿಸಿದರೆ, ತಾಲ್ಲೂಕಿನಲ್ಲಿ ಎಷ್ಟು ಪ್ರಕರಣ ದಾಖಲಾಗಿದೆ ಎಂದು ಆರೋಗ್ಯಾಧಿಕಾರಿಯನ್ನು ಕೇಳಲು ವರದಿಗಾರನಿಗೆ ಒಂದು ದಾರಿ ಸಿಗುತ್ತದೆ. ಅಂಥ ದಾರಿ ತೋರಿಸಿದವರ ನಂಬರನ್ನು ವರದಿಗಾರ ಮರೆಯುವುದಿಲ್ಲ.

ಈಗ ಕಳಿಸುವ ಬಗೆ. ಮಾತು ಸಣ್ಣದೆನಿಸಬಹುದು, ಆದರೆ ಕನ್ನಡ ಪತ್ರಿಕೆಗಳಲ್ಲಿ ಎಷ್ಟೋ ಒಳ್ಳೆಯ ಹೇಳಿಕೆ ಸೋಲುವುದು ಇಲ್ಲೇ. ವಾಟ್ಸ್‌ಆ್ಯಪ್‌ನಲ್ಲೇ ನೇರವಾಗಿ, ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ. ನುಡಿಯಲ್ಲಿ ಟೈಪಿಸಿ ಪಿಡಿಎಫ್ ಮಾಡಿ ಕಳಿಸಿದರೆ ಅಲ್ಲಿಂದ ನಕಲು ಮಾಡಿದ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಕೈಬರಹದ ಫೋಟೊ ಕಳಿಸಿದರೆ ಇನ್ಯಾರೋ ಕೂತು ಟೈಪ್ ಮಾಡಬೇಕು, ಆ ಗಡಿಬಿಡಿಯಲ್ಲಿ ‘ಕಟ್ಟಬಾರದು’ ಎಂಬುದು ‘ಕಟ್ಟಬಹುದು’ ಆದೀತು. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಬಾರದು ಎಂಬ ಸಲಹೆಯಲ್ಲಿ ಈ ಎರಡಕ್ಷರದ ತಪ್ಪು ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. ನಿಷೇಧವನ್ನು ಸಾಧ್ಯವಾದಲ್ಲೆಲ್ಲ ವಿಧಿಯಾಗಿ ಬರೆಯುವುದು ಇದಕ್ಕೊಂದು ಉಪಾಯ: ‘ಕೈಕಾಲು ಅಲುಗಿಸದಂತೆ ಸಡಿಲವಾದ ಆಸರೆ ಕೊಟ್ಟು ಕರೆತನ್ನಿ.’ ಧ್ವನಿ ಸಂದೇಶ ಕಳಿಸುವುದಾದರೆ ಅದರ ಜೊತೆ ಮುಖ್ಯ ವಾಕ್ಯಗಳನ್ನು ಅಕ್ಷರದಲ್ಲೂ ಹಾಕಿ. ಕೊನೆಗೆ ನಿಮ್ಮ ಹೆಸರು ಕನ್ನಡದಲ್ಲಿ ಹೇಗೆ ಬರಬೇಕೋ ಹಾಗೆ, ಇನಿಷಿಯಲ್ ಸಹಿತ, ಹುದ್ದೆ, ಊರು, ಮುಖ ಕಾಣುವ ಒಂದು ಫೋಟೊ. ‘ಫ್ರೀ ಆದಾಗ ಫೋನ್ ಮಾಡಿ, ಹೇಳ್ತೀನಿ’ ಎಂಬ ಉತ್ತರ ಬಂದರೆ ಏಳು ಗಂಟೆಯ ಗಡುವಿನ ಮುಂದೆ ಇರುವ ವರದಿಗಾರ ಇನ್ನೊಬ್ಬರನ್ನು ಹುಡುಕುತ್ತಾನೆ.

ಕೇಳದೆಯೇ ಹೇಳಿಕೆ ನೀಡಲು ಮುಂದಾಗಬಹುದೇ? ಖಂಡಿತ. ಜೂನ್ ಹೊತ್ತಿಗೆ ಮಳೆ ಹಿಡಿಯುವ ಮುನ್ನ ಜಿಲ್ಲೆಯ ಆರೋಗ್ಯ ಸುದ್ದಿ ಬರೆಯುವ ಇಬ್ಬರು ಮೂವರಿಗೆ, ಅವರು ಹಿಂದೆ ಬರೆದ ಯಾವುದಾದರೂ ವರದಿ ನೆನೆದು, ಹೀಗೆ ಬರೆದರೆ ಸಾಕು: ‘ನಾನು ಇಂಥ ಆಸ್ಪತ್ರೆಯಲ್ಲಿ ಹಾವು ಕಡಿತದ ರೋಗಿಗಳನ್ನು ನೋಡುತ್ತೇನೆ. ಈ ಮಳೆಗಾಲದಲ್ಲಿ ಸುದ್ದಿ ಮಾಡುವಾಗ ಬೇಕಾದರೆ ಸಂಜೆ ಐದರ ಮೇಲೆ ಸಂದೇಶ ಹಾಕಿ, ಅರ್ಧ ಗಂಟೆಯಲ್ಲಿ ಬರೆದು ಕಳಿಸುತ್ತೇನೆ.’ ಅದರ ಕೆಳಗೆ ಕಟ್ಟುಹಾವಿನ ಆ ಎರಡು ವಾಕ್ಯ. ಯಾವ ವಿಷಯಕ್ಕೆ ಸಿಗುತ್ತೀರಿ, ಯಾವ ಹೊತ್ತಿಗೆ ಸಿಗುತ್ತೀರಿ ಎಂಬುದು ಸ್ಪಷ್ಟವಾಗಿರಬೇಕು. ‘ಆರೋಗ್ಯದ ಯಾವುದೇ ವಿಷಯಕ್ಕೆ’ ಎಂದರೆ ಯಾವುದಕ್ಕೂ ನೆನಪಾಗುವುದಿಲ್ಲ.

ತಜ್ಞರನ್ನೂ ಪತ್ರಕರ್ತರನ್ನೂ ಹೀಗೆ ಜೋಡಿಸುವ ಏರ್ಪಾಟುಗಳು ಹೊರದೇಶಗಳಲ್ಲಿ ಬಹಳ ಹಿಂದೆಯೇ ಬೆಳೆದವು. ಲಂಡನ್ನಿನಲ್ಲಿ 2002ರಲ್ಲಿ ಆರಂಭವಾದ ಸೈನ್ಸ್ ಮೀಡಿಯಾ ಸೆಂಟರ್ ಇಂದಿಗೂ ಮಾದರಿಯಾಗಿದೆ. ದಡಾರದ ಲಸಿಕೆ, ಕುಲಾಂತರಿ ಬೆಳೆಗಳ ಬಗ್ಗೆ ಬ್ರಿಟನ್ನಿನ ಪತ್ರಿಕೆಗಳಲ್ಲಿ ಗದ್ದಲವೆದ್ದು, ವಿಜ್ಞಾನಿಗಳ ದನಿ ತಡವಾಗಿ ಕೇಳಿಸಿದ್ದೇ ಅದು ಹುಟ್ಟಲು ಕಾರಣ. ವಿಜ್ಞಾನದ ಸುದ್ದಿಯೊಂದು ಸ್ಫೋಟಿಸಿದೊಡನೆ ಆ ಕ್ಷೇತ್ರದ ವಿಜ್ಞಾನಿಗಳಿಂದ ಕೆಲವೇ ವಾಕ್ಯಗಳ ಪ್ರತಿಕ್ರಿಯೆ ಪಡೆದು ಎಲ್ಲ ಪತ್ರಿಕೆಗಳಿಗೂ ಒಟ್ಟಿಗೆ ಕಳಿಸುತ್ತಾರೆ. ಜೊತೆಗೆ ಆ ವಿಜ್ಞಾನಿಗೆ ಸಂಬಂಧಪಟ್ಟ ಕಂಪನಿಗಳಿಂದ ಹಣವೇನಾದರೂ ಬರುತ್ತದೆಯೇ ಎಂಬ ಘೋಷಣೆಯೂ ಇರುತ್ತದೆ. ಆ ಕೊನೆಯ ಸಾಲನ್ನು ನಮ್ಮಲ್ಲಿ ಯಾರೂ ಹಾಕುವುದಿಲ್ಲ. ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೀಟನಾಶಕದ ಬಗ್ಗೆ ಹೇಳಿಕೆ ಕೊಡುವವರು ಅದನ್ನು ಮಾರುವ ಕಂಪನಿಯ ಸಲಹೆಗಾರರೆಂದು ಆಮೇಲೆ ತಿಳಿದರೆ, ಅವರು ಹೇಳಿದ ನಿಜವೂ ಸುಳ್ಳಾಗುತ್ತದೆ.

ಅಮೆರಿಕದಲ್ಲಿ ಪೀಟರ್ ಶಾಂಕ್‌ಮನ್ 2008ರಲ್ಲಿ ಶುರುಮಾಡಿದ ‘ಹೆಲ್ಪ್ ಎ ರಿಪೋರ್ಟರ್ ಔಟ್’ ಇನ್ನೊಂದು ದಾರಿ ಹಿಡಿಯಿತು. ಪತ್ರಕರ್ತರು ತಮಗೆ ಬೇಕಾದ ವಿಷಯ, ಗಡುವು ಹಾಕುವುದು, ಅದು ಇಮೇಲ್‌ನಲ್ಲಿ ಸಾವಿರಾರು ಜನರಿಗೆ ಹೋಗುವುದು, ತಿಳಿದವರು ಉತ್ತರಿಸುವುದು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ತಮ್ಮ ಜಾಲತಾಣದ ಕೊಂಡಿಯನ್ನು ದೊಡ್ಡ ಪತ್ರಿಕೆಯೊಳಗೆ ಹಾಕಿಸಿಕೊಂಡು ಗೂಗಲ್‌ನಲ್ಲಿ ಮೇಲೇರಬೇಕೆಂಬ ವ್ಯಾಪಾರಿಗಳು ನುಗ್ಗಿದರು. ವಿಷಯ ಗೊತ್ತಿಲ್ಲದವರ ಸಿದ್ಧ ಉತ್ತರಗಳು ತುಂಬಿ, ಪತ್ರಕರ್ತರು ತೆರೆದು ನೋಡುವುದನ್ನೇ ಬಿಡತೊಡಗಿದರು. ಕೈ ಬದಲಾಗಿ, ಹೆಸರು ಬದಲಾಗಿ, 2024ರ ಡಿಸೆಂಬರ್‌ನಲ್ಲಿ ಅದು ನಿಂತಿತು. ಮರುವರ್ಷ ಬೇರೊಂದು ಕಂಪನಿ ಹಳೆಯ ಹೆಸರಿನಲ್ಲಿ ಅದನ್ನು ಮತ್ತೆ ತೆರೆಯಿತು. 2025ರಲ್ಲೇ ಬ್ರಿಟನ್ನಿನ ‘ಪ್ರೆಸ್ ಗೆಜೆಟ್’ ಪತ್ರಿಕೆ, ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಉದ್ಧರಣೆಗೊಂಡ ಕೆಲವು ‘ತಜ್ಞರು’ ನಿಜವಾಗಿ ಇದ್ದಾರೆಂಬುದಕ್ಕೇ ಆಧಾರವಿಲ್ಲವೆಂದು ಬಯಲು ಮಾಡಿತು. ಅಂದಿನಿಂದ ಸಂಪಾದಕರು ಹೊಸ ಹೆಸರನ್ನು ಅನುಮಾನದಿಂದಲೇ ನೋಡುತ್ತಾರೆ. ಹಾಗಾಗಿ ಮೊದಲ ಸಂದೇಶದಲ್ಲೇ ನಿಮ್ಮನ್ನು ಪರಿಶೀಲಿಸುವ ದಾರಿ ಕೊಡಿ. ವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಅಧ್ಯಾಪಕರಾದರೆ ಕಾಲೇಜಿನ ದೂರವಾಣಿ. ಕೇಳಿದ್ದಕ್ಕೆ ಬೇಸರಿಸಬೇಡಿ, ಪರೀಕ್ಷಿಸುವ ವರದಿಗಾರನೇ ನಿಮ್ಮ ಮಾತನ್ನೂ ಜೋಪಾನವಾಗಿ ಬಳಸುವವನು.

ಗೊತ್ತಿಲ್ಲದ್ದನ್ನು ಕೇಳಿದಾಗ ಏನು ಮಾಡಬೇಕು? 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ನೆನಪಿಸಿಕೊಳ್ಳಿ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವೆಂದು ವರದಿಯಾಗಿ, ಕೋವಿಡ್ ಲಸಿಕೆಯವರೆಗೂ ಮಾತು ಹೋಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ನಿಂತಿತು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದಿತು. ಆ ವರದಿ ಬರುವ ಮೊದಲು ಸುದ್ದಿಮನೆಗಳಿಗೆ ಹೃದ್ರೋಗ ತಜ್ಞರ ಮಾತು ಬೇಕಿತ್ತು, ಕಾರಣ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಇಂಥ ಹೊತ್ತಿಗೆ ‘ಈಗಲೇ ಏನೂ ಹೇಳಲಾಗದು’ ಎಂದರೆ ಅದು ಅಚ್ಚಾಗುವುದಿಲ್ಲ, ಆ ಖಾಲಿ ಜಾಗಕ್ಕೆ ಊಹೆ ಬಂದು ಕೂರುತ್ತದೆ. ಅದರ ಬದಲು ಹೀಗೆನ್ನಬಹುದು: ‘ಇದೇ ಜಿಲ್ಲೆಯಲ್ಲಿ ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ ಎಷ್ಟು ಮಂದಿ ಹೀಗೆ ಸತ್ತರು ಎಂಬ ಲೆಕ್ಕ ಕೈಗೆ ಬರುವವರೆಗೆ ಇದನ್ನು ಏರಿಕೆ ಎನ್ನಲು ಬರುವುದಿಲ್ಲ.’ ಗೊತ್ತಿಲ್ಲ ಎಂಬುದನ್ನೂ, ಗೊತ್ತಾಗಬೇಕಾದರೆ ಏನು ಬೇಕು ಎಂಬುದನ್ನೂ ಈ ವಾಕ್ಯ ಒಟ್ಟಿಗೆ ಹೇಳುತ್ತದೆ. ಮರುದಿನದ ಸುದ್ದಿಗೆ ಪ್ರಶ್ನೆಯನ್ನೂ ಒದಗಿಸುತ್ತದೆ. ಆ ಲೆಕ್ಕ ಕೇಳಿದ ಪತ್ರಿಕೆ ಭಯ ಹುಟ್ಟಿಸುವುದರಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ.

ಕಾನೂನಿನ ಒಂದೆರಡು ಗೆರೆಗಳೂ ಇವೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆ ನಿಯಮಗಳು ವೈದ್ಯರು ಪತ್ರಿಕೆಯ ಮೂಲಕ ತಮ್ಮ ಜಾಹೀರಾತು ಮಾಡಿಕೊಳ್ಳುವುದನ್ನು, ರೋಗಿಗಳನ್ನು ಸೆಳೆಯುವುದನ್ನು ತಡೆಯುತ್ತವೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯದ ವಿಷಯಗಳಲ್ಲಿ ತಮ್ಮ ಹೆಸರಿನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ‘ಕಟ್ಟುಹಾವಿನ ಲಕ್ಷಣ ಇವು’ ಎಂಬುದು ಗೆರೆಯ ಈಚೆಗಿದೆ, ‘ನಮ್ಮ ಆಸ್ಪತ್ರೆಯಲ್ಲಿ ಎಲ್ಲ ಸೌಲಭ್ಯವಿದೆ, ಬನ್ನಿ’ ಎಂಬುದು ಆಚೆಗಿದೆ. ಆ ಎರಡನೆಯ ವಾಕ್ಯವನ್ನು ಡೆಸ್ಕಿನವರೂ ಮೊದಲು ಕತ್ತರಿಸುತ್ತಾರೆ. ಸರ್ಕಾರಿ ಸೇವೆಯಲ್ಲಿರುವವರು ಮೇಲಧಿಕಾರಿಯ ಅನುಮತಿಯನ್ನು ಸುದ್ದಿ ಬರುವ ಮೊದಲೇ, ವಿಷಯವನ್ನು ಹೆಸರಿಸಿ, ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಕ್ಷೇಮ. ಗಡುವಿನ ದಿನ ಅದಕ್ಕೆ ಓಡಾಡಲು ಹೊತ್ತಿರುವುದಿಲ್ಲ. ರೋಗಿಯ ಹೆಸರು, ಊರು, ಗುರುತು ಹಚ್ಚಬಹುದಾದ ಯಾವುದೇ ವಿವರ ಹೇಳಿಕೆಯಲ್ಲಿ ಬೇಡ. ಸಣ್ಣ ತಾಲ್ಲೂಕಿನಲ್ಲಿ ‘ಮೊನ್ನೆ ಬಂದ ಮೂವತ್ತೈದರ ಹೆಂಗಸು’ ಎಂದರೆ ಎಲ್ಲರಿಗೂ ಯಾರೆಂದು ತಿಳಿಯುತ್ತದೆ.

ಹೆಸರು ಹಾಕಬಾರದ ಮಾತಿದ್ದರೆ ಅದನ್ನು ಆಡುವ ಮುಂಚೆ ಹೇಳಿ, ವರದಿಗಾರ ಒಪ್ಪಿದ ಮೇಲೆ ಆಡಿ. ಹೇಳಿಮುಗಿಸಿ ‘ಇದು ಬರೀಬೇಡಿ’ ಎಂದರೆ ಅವನು ಬರೆಯದೆ ಬಿಟ್ಟರೆ ಅದು ಕೃಪೆ, ಬರೆದರೆ ತಪ್ಪೆನ್ನಲಾಗದು. ಪೂರ್ತಿ ವರದಿ ತೋರಿಸಿ ಎಂದು ಕೇಳುವುದು ಬೇಡ, ಯಾವ ಪತ್ರಿಕೆಯೂ ತೋರಿಸುವುದಿಲ್ಲ. ‘ನನ್ನ ಹೆಸರಿನಲ್ಲಿ ಹಾಕುವ ವಾಕ್ಯವನ್ನಷ್ಟೇ ಒಮ್ಮೆ ಓದಿ ಹೇಳ್ತೀರಾ?’ ಎಂದರೆ ಬಹುಪಾಲು ವರದಿಗಾರರು ಒಪ್ಪುತ್ತಾರೆ.

ತಪ್ಪಾಗಿ ಅಚ್ಚಾದರೆ ಬೆಳಿಗ್ಗೆಯೇ ಮೊದಲು ವರದಿಗಾರನಿಗೆ ಫೋನ್ ಮಾಡಿ, ಸಂಪಾದಕರಿಗಲ್ಲ. ಯಾವ ವಾಕ್ಯ, ಅದು ಏನಾಗಬೇಕಿತ್ತು ಎಂಬುದನ್ನು ಬರೆದೇ ಕಳಿಸಿ. ಜಾಲತಾಣದ ಆವೃತ್ತಿಯನ್ನು ಹತ್ತು ನಿಮಿಷದಲ್ಲಿ ತಿದ್ದಬಹುದು, ಅಚ್ಚಿನದಕ್ಕೆ ಮರುದಿನದ ತಿದ್ದುಪಡಿ ಬೇಕು. ಹೆಸರಿನ ಒಂದಕ್ಷರ ಹೋಗಿದ್ದರೆ ಸುಮ್ಮನಿದ್ದುಬಿಡಿ. ‘ಕಟ್ಟಬಾರದು’ ಎಂಬುದು ‘ಕಟ್ಟಬಹುದು’ ಆಗಿದ್ದರೆ ತಿದ್ದುಪಡಿ ಬರುವವರೆಗೆ ಬಿಡಬೇಡಿ, ಅಷ್ಟರಲ್ಲಿ ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಗುಂಪಿಗೂ ಸರಿಯಾದ ವಾಕ್ಯ ಹಾಕಿಸಿ.